ಪ್ರಾಜೆಕ್ಟ್ ಕೈಕೊಟ್ಟ ಮೇಲೆ ತಂಡದ ಮುಂದೆ ಏನು ಮಾತಾಡಬೇಕು?

ಹೋದ ಮಳೆಗಾಲದಲ್ಲಿ ನಮ್ಮದೊಂದು ಪ್ರಾಜೆಕ್ಟ್ ಮಕಾಡೆ ಮಲಗಿತು. ಶಿವಮೊಗ್ಗದಲ್ಲಿ ಏಳು ಜನರ ಸಣ್ಣ ಸಾಫ್ಟ್‌ವೇರ್ ತಂಡ ನಮ್ಮದು. ಅಡಿಕೆ ಮಾರಾಟ ಮಾಡುವ ಒಂದು ಸಂಘಕ್ಕೆ ಆ್ಯಪ್ ಮಾಡಿಕೊಟ್ಟಿದ್ದೆವು. ರೈತರು ತಂದ ಮೂಟೆ ಎಷ್ಟು ತೂಕ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಎಂಬುದನ್ನೆಲ್ಲ ಶಾಖೆಯಲ್ಲೇ ಟ್ಯಾಬ್‌ಗೆ ಹಾಕಬೇಕು. ಮೊದಲ ದಿನವೇ 43 ಲಾಟ್‌ಗಳು ಎರಡೆರಡು ಸಲ ದಾಖಲಾದವು. ಮಧ್ಯಾಹ್ನ ಸಂಘದವರು ಟ್ಯಾಬ್ ಬದಿಗಿಟ್ಟು ಹಳೇ ರಿಜಿಸ್ಟರ್ ತೆಗೆದರು. ಮೂರನೇ ದಿನ ಕೆಲಸವೇ ಕೈತಪ್ಪಿತು.

ಆ ರಾತ್ರಿ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಜಗಳವೋ ಜಗಳ. ಕೋಡ್ ಬರೆದವನದ್ದೇ ತಪ್ಪು ಅಂತ ಒಬ್ಬರು, ಟೆಸ್ಟಿಂಗ್‌ನವಳು ನೋಡಲೇ ಇಲ್ಲ ಅಂತ ಇನ್ನೊಬ್ಬರು. ಮರುದಿನ ಬೆಳಿಗ್ಗೆ ನಾನು ಮಾತಾಡಲೇಬೇಕಿತ್ತು.

ಬಾಯಿ ತೆರೆಯುವ ಮೊದಲು ಎರಡು ಕೆಲಸ ಮುಗಿಸಿಕೊಳ್ಳಿ. ಗ್ರೂಪ್‌ಗೆ ಒಂದೇ ಸಾಲು ಹಾಕಿ: 'ಈ ವಿಷಯ ಇಲ್ಲಿ ಸಾಕು, ನಾಳೆ 10ಕ್ಕೆ ಎದುರೆದುರು ಕೂತು ಮಾತಾಡೋಣ.' ಆಮೇಲೆ, ಅತಿ ಜಾಸ್ತಿ ಬೈಸಿಕೊಂಡವರಿಗೆ ನೀವೇ ಫೋನ್ ಮಾಡಿ. ಸಭೆಯಲ್ಲಿ ಏನು ಹೇಳುತ್ತೀರಿ ಅಂತ ಅವರಿಗೆ ಮೊದಲೇ ಗೊತ್ತಿರಲಿ. ಇಲ್ಲದಿದ್ದರೆ ಸಭೆಯುದ್ದಕ್ಕೂ ಅವರು ತಮ್ಮ ಸಮರ್ಥನೆಯನ್ನೇ ಹೆಣೆಯುತ್ತ ಕೂತಿರುತ್ತಾರೆ.

ಮಾತು ಶುರುವಾಗಬೇಕಾದ್ದು ನಡೆದದ್ದರಿಂದ. 'ನಾವೆಲ್ಲ ಒಂದೇ ಮನೆಯವರು' ಅಂತ ಶುರು ಮಾಡಿದರೆ ಮುಗೀತು, ಆ ಗಳಿಗೆಯಲ್ಲಿ ಯಾರೂ ಅದನ್ನು ನಂಬುವುದಿಲ್ಲ. ನಾನು ಹೇಳಿದ್ದು ಇಷ್ಟು: 'ಸೋಮವಾರ 43 ಲಾಟ್ ಡಬಲ್ ಆದವು. ಈ ಕೆಲಸ ನಮ್ಮ ಕೈಯಿಂದ ಹೋಗಿದೆ. ಬೇಜಾರಾಗಿದೆ, ನನಗೂ ಆಗಿದೆ.'

ನಂತರ ನಿಮ್ಮ ಪಾಲು. ಇಲ್ಲಿ ಹೆಚ್ಚಿನವರು ಎಡವುತ್ತಾರೆ. 'ಎಲ್ಲಾ ನನ್ನದೇ ತಪ್ಪು' ಅನ್ನುವುದು ಕೇಳಲು ದೊಡ್ಡತನ, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನೀವು ಮಾಡಿದ ಒಂದು ತೀರ್ಮಾನವನ್ನು ಹೆಸರಿಟ್ಟು ಹೇಳಿ. 'ಟೆಸ್ಟಿಂಗ್‌ಗೆ ಆರು ದಿನ ಇತ್ತು. ಎರಡಕ್ಕೆ ಇಳಿಸಿದ್ದು ನಾನು. ಹಾಗಾಗಿ ಟ್ಯಾಬ್ ಹಿಡಿದು ತೀರ್ಥಹಳ್ಳಿ ಕಡೆಯ ಶಾಖೆಗೆ ಯಾರೂ ಹೋಗಲಿಲ್ಲ.'

ಇನ್ನು ಮುಖ್ಯ ಭಾಗ. 'ಯಾರು' ಎಂಬ ಪ್ರಶ್ನೆ ತೆಗೆದು, 'ಆ ಹೊತ್ತಿಗೆ ಅವರ ಕಣ್ಣಿಗೆ ಏನು ಕಾಣುತ್ತಿತ್ತು' ಎಂಬ ಪ್ರಶ್ನೆ ಇಡಬೇಕು. ನಮ್ಮಲ್ಲಿ ಆದದ್ದು ಹೀಗೆ. ಘಟ್ಟದ ಶಾಖೆಯಲ್ಲಿ ಕರೆಂಟ್ ಹೋಗಿ ಸಿಗ್ನಲ್ ಬಂದು ಹೋಗಿ ಆಗುತ್ತಿತ್ತು. ಲಾಟ್ ಸರ್ವರ್‌ಗೆ ಮುಟ್ಟುತ್ತಿತ್ತು, 'ಮುಟ್ಟಿತು' ಎಂಬ ಉತ್ತರ ಮಾತ್ರ ವಾಪಸ್ ಬರುತ್ತಿರಲಿಲ್ಲ. ಹೋಗಲಿಲ್ಲವೇನೋ ಅಂತ ಆ್ಯಪ್ ಮತ್ತೆ ಕಳಿಸುತ್ತಿತ್ತು. ಪ್ರತಿ ಲಾಟ್‌ಗೂ ಟ್ಯಾಬ್‌ನಲ್ಲೇ ಒಂದು ನಂಬರ್ ಕೊಟ್ಟಿದ್ದರೆ, ಎರಡನೇ ಸಲ ಬಂದದ್ದನ್ನು ಸರ್ವರ್ ಗುರುತಿಸುತ್ತಿತ್ತು. ನಾವು ಕೊಟ್ಟಿರಲಿಲ್ಲ. ಆಫೀಸಿನ ವೈಫೈನಲ್ಲಿ ಇದು ಒಮ್ಮೆಯೂ ಕಾಣಿಸಿಕೊಂಡಿರಲಿಲ್ಲ.

'ಇದು ಗೊತ್ತಾಗಬೇಕಿತ್ತು' ಅಂತ ಈಗ ಎಲ್ಲರಿಗೂ ಅನ್ನಿಸುತ್ತದೆ. ಫಲಿತಾಂಶ ತಿಳಿದ ಮೇಲೆ ಅದು ಮೊದಲೇ ಗೊತ್ತಾಗುವಂತಿತ್ತು ಅಂತ ಜನ ಭಾವಿಸುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬರೂಕ್ ಫಿಶಾಫ್ 1975ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ನಮ್ಮವರು ಅದನ್ನೇ 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಅಂದರು. ಸಭೆಯಲ್ಲಿ ಗಾದೆಯೇ ಸಾಕು. ನಾನು ಹೇಳಿದಾಗ ಒಬ್ಬರು ನಕ್ಕರು, ಸ್ವಲ್ಪ ಹಗುರವಾಯಿತು.

ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮಲ್ಲೂ ಕೇಳಿದರು: 'ಹಾಗಾದ್ರೆ ಯಾರದ್ದೂ ತಪ್ಪಿಲ್ವಾ ಮಾರಾಯ್ರೆ?' ಇದಕ್ಕೆ ಉತ್ತರ ಸಿದ್ಧವಿರಲಿ. ಗೊತ್ತಿದ್ದೂ ಮುಚ್ಚಿಟ್ಟರೆ, ಬೇಕಂತಲೇ ಮಾಡಿದರೆ ಅದು ಬೇರೆ. ಅದನ್ನು ನಾಲ್ಕು ಜನರ ಮುಂದೆ ಅಲ್ಲ, ಕೋಣೆಯೊಳಗೆ ಇಬ್ಬರೇ ಕೂತು ಮಾತಾಡಬೇಕು. ಇಲ್ಲಿ ಹಾಗೇನೂ ಕಂಡಿಲ್ಲ ಅಂದೆ.

ಕೊನೆಗೆ ಹೊಟ್ಟೆಪಾಡಿನ ವಿಷಯ. ಎಲ್ಲರ ತಲೆಯಲ್ಲಿ ಇರುವುದು ಅದೇ, ಅಲ್ವಾ? ಗೊತ್ತಿರುವಷ್ಟೇ ಹೇಳಿ. 'ಈ ತಿಂಗಳ ಸಂಬಳಕ್ಕೆ ತೊಂದರೆ ಇಲ್ಲ. ಮುಂದಿನ ಪ್ರಾಜೆಕ್ಟ್ ಯಾವಾಗ ಅಂತ ಶುಕ್ರವಾರ ಹೇಳುತ್ತೇನೆ.' ಕೂಡಲೇ ಕೈಗೆ ಕೆಲಸ ಕೊಡಿ. ಡಬಲ್ ಆದ 43 ಲಾಟ್‌ಗಳನ್ನು ರಿಜಿಸ್ಟರ್ ಜೊತೆ ತಾಳೆ ನೋಡಿ, ಸಂಘಕ್ಕೆ ಸರಿಯಾದ ಪಟ್ಟಿ ಒಪ್ಪಿಸಬೇಕಿತ್ತು. ಹೆಚ್ಚು ಬೈದಾಡಿದ್ದ ಇಬ್ಬರನ್ನೇ ಅದಕ್ಕೆ ಜೊತೆ ಹಾಕಿದೆ. ಸ್ವಲ್ಪ ಅಪಾಯದ ಆಟ, ಎಲ್ಲ ಕಡೆ ನಡೆಯುವಂಥದ್ದಲ್ಲ.

ಇಷ್ಟೂ ಮಾತು ಆರು ನಿಮಿಷ ದಾಟಬಾರದು. ಉದ್ದವಾದರೆ ಭಾಷಣ ಆಗುತ್ತದೆ.

ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಹೇಗೆ? ಚಪ್ಪಾಳೆಯಿಂದ, ತಲೆ ಆಡಿಸುವುದರಿಂದ ತಿಳಿಯುವುದಿಲ್ಲ. ಒಂದೆರಡು ದಿನದಲ್ಲಿ ಯಾರಾದರೂ ಬಂದು ನಿಮಗೆ ಗೊತ್ತಿಲ್ಲದ ಏನನ್ನಾದರೂ ಹೇಳುತ್ತಾರಾ ನೋಡಿ. ಅಂದು ಸಂಜೆ ಟೆಸ್ಟಿಂಗ್ ಹುಡುಗಿ ನನ್ನ ಟೇಬಲ್ ಹತ್ತಿರ ಬಂದಳು. 'ಸರ್, ಹಿಂದಿನ ಗುರುವಾರ ಒಂದು ಲಾಟ್ ಎರಡು ಸಲ ಕಂಡಿತ್ತು. ನಾನೇ ಬಟನ್ ಎರಡು ಸಲ ಒತ್ತಿರಬೇಕು ಅಂದ್ಕೊಂಡೆ' ಅಂದಳು.