ಶಾಖೆಗಳ ಅಂಕ ಕೂಡಿಸುವಾಗ ನಾನು ಹಿಡಿದ ತೂಕ

ಮೂರು ಶಾಖೆಗಳ ಮೂರು ತಿಂಗಳ ಗ್ರಾಹಕರ ತೃಪ್ತಿ ಅಂಕಗಳನ್ನು ಸೇರಿಸಿ, ವರದಿಯಲ್ಲಿ ಒಂದೇ ಅಂಕ ಕೊಡಬೇಕಿತ್ತು. ಐದಕ್ಕೆ ದೊಡ್ಡ ಶಾಖೆಗೆ 3.6, ಮಧ್ಯಮದ್ದಕ್ಕೆ 4.4, ಚಿಕ್ಕದಕ್ಕೆ 4.6 ಬಂದಿತ್ತು. ಕೂಡಿಸಿ ಮೂರರಿಂದ ಭಾಗಿಸಿದರೆ 4.2. ಆದರೆ ಆ ಮೂರು ತಿಂಗಳಲ್ಲಿ ದೊಡ್ಡ ಶಾಖೆಗೆ ಬಂದವರು 9,000 ಜನ. ಉಳಿದೆರಡಕ್ಕೆ 2,000 ಮತ್ತು 1,000. ಅಂದರೆ ಮುಕ್ಕಾಲು ಪಾಲು ಗ್ರಾಹಕರು ಕಂಡಿದ್ದು 3.6ರ ಶಾಖೆಯನ್ನು. ಒಟ್ಟು ಗ್ರಾಹಕರು ಹೇಗಿದ್ದಾರೆ ಅಂತ ಕೇಳಿದವರಿಗೆ 4.2 ಸರಿಯಾದ ಉತ್ತರ ಅಲ್ಲ.

ಹಾಗಾದರೆ ತೂಕ ಕೊಡಬೇಕು, ಅಂದರೆ ಯಾವ ಶಾಖೆಯ ಅಂಕ ಎಷ್ಟು ಪಾಲು ಲೆಕ್ಕಕ್ಕೆ ಬರಬೇಕು ಅಂತ ಹೇಳಬೇಕು. ಯಾವುದರ ತೂಕ? ಗ್ರಾಹಕರು ಅಂಕ ಕೊಟ್ಟು ತುಂಬಿದ ಫಾರಂಗಳ ಲೆಕ್ಕ ಹಿಡಿ ಅಂತ ಜೊತೆಯಲ್ಲಿದ್ದವರು ಹೇಳಿದರು. ಫಾರಂಗಳು ಕ್ರಮವಾಗಿ 180, 220, 200. ಹಾಗೆ ಮಾಡಿದರೆ ಸರಾಸರಿ 4.23 ಆಗುತ್ತದೆ. ಇಳಿಯುವ ಬದಲು ಏರಿತು! ಕಾರಣ ಸರಳ. ಎಷ್ಟು ಫಾರಂ ಬರುತ್ತವೆ ಅನ್ನುವುದು ಸಿಬ್ಬಂದಿ ಎಷ್ಟು ಜನರನ್ನು ಕೇಳಿದರು ಅನ್ನುವುದರ ಮೇಲೂ ನಿಂತಿದೆ. ಚಿಕ್ಕ ಶಾಖೆಯಲ್ಲಿ ಐದು ಜನಕ್ಕೊಬ್ಬರು ಫಾರಂ ತುಂಬಿದ್ದರು, ದೊಡ್ಡದರಲ್ಲಿ ಐವತ್ತಕ್ಕೊಬ್ಬರು. ಈ ತೂಕ ಹಿಡಿದರೆ ಜಾಸ್ತಿ ಫಾರಂ ತುಂಬಿಸಿದ ಶಾಖೆಯ ಮಾತೇ ಜೋರಾಗಿ ಕೇಳುತ್ತದೆ.

ಅದಕ್ಕೇ ನಾನು ಬಂದ ಗ್ರಾಹಕರ ಸಂಖ್ಯೆಯನ್ನೇ ತೂಕ ಮಾಡಿದೆ. B ಕಾಲಂನಲ್ಲಿ ಅಂಕ, C ಕಾಲಂನಲ್ಲಿ ಗ್ರಾಹಕರ ಸಂಖ್ಯೆ:

```
=SUMPRODUCT(B2:B4,C2:C4)/SUM(C2:C4)
```

ಬಂದಿದ್ದು 3.82. ಅಂಕಗಳನ್ನು ಮೊದಲೇ ದುಂಡು ಮಾಡಬಾರದು, ಕೊನೆಯಲ್ಲಿ ಒಮ್ಮೆ ಮಾಡಿದರೆ ಸಾಕು.

ಆದರೆ ಇಲ್ಲಿ 180 ಜನ 9,000 ಜನರ ಪರವಾಗಿ ಮಾತಾಡುತ್ತಿದ್ದಾರೆ, ಅಲ್ವಾ? ಸಿಟ್ಟಾದವರು ಮಾತ್ರ ಫಾರಂ ತುಂಬಿದ್ದರೆ ಯಾವ ತೂಕವೂ ಅದನ್ನು ಸರಿ ಮಾಡುವುದಿಲ್ಲ. ಹಾಗಾಗಿ ಫಾರಂಗಳು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಬಂದಿವೆಯೇ ಅಂತ ನೋಡಿದೆ. ಪ್ರತಿ ಅಂಕದ ಪಕ್ಕ ಫಾರಂ ಸಂಖ್ಯೆಯನ್ನೂ ಬರೆದೆ.

ನಿಜವಾದ ಪೇಚು ಮುಂದಿನ ಮೂರು ತಿಂಗಳಲ್ಲಿ ಬಂತು. ದೊಡ್ಡ ಶಾಖೆಗೆ ಬರುವವರು 6,000ಕ್ಕೆ ಇಳಿದರು. ಉಳಿದೆರಡರಲ್ಲಿ ಸಂಖ್ಯೆ ಬದಲಾಗಲಿಲ್ಲ, ಯಾವ ಶಾಖೆಯ ಅಂಕವೂ ಕದಲಲಿಲ್ಲ. ಆದರೂ ಒಟ್ಟು ಅಂಕ 3.89 ಆಯಿತು. ಸುಮ್ನೆ ನೋಡಿದವರು ಸೇವೆ ಸುಧಾರಿಸಿದೆ ಅಂದುಕೊಳ್ಳುತ್ತಾರೆ. ಇದಕ್ಕಾಗಿ ಹೊಸ ಅಂಕಗಳಿಗೆ ಹಳೆಯ ತೂಕವನ್ನೇ ಹಾಕಿ ಇನ್ನೊಂದು ಸಾಲು ಕೊಡತೊಡಗಿದೆ. ಅದರಲ್ಲಿ 3.82 ಹಾಗೇ ಉಳಿಯಿತು. ಏರಿಕೆ ಪೂರ್ತಿ ಜನ ಹಂಚಿಕೆಯಿಂದ ಬಂದದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಸರಳ ಸರಾಸರಿಯನ್ನು ನಾನು ಬಿಟ್ಟಿಲ್ಲ. ಶಾಖೆಗಳ ಮ್ಯಾನೇಜರ್‌ಗಳು ಕೂತು ತಮ್ಮ ತಮ್ಮ ಶಾಖೆ ಹೋಲಿಸಿಕೊಳ್ಳುವಾಗ ಪ್ರತಿ ಶಾಖೆಯೂ ಒಂದೊಂದೇ. ಅಲ್ಲಿಗೆ 4.2 ಸರಿ. ಅದರ ಮೇಲೆ ‘ಶಾಖೆಗಳ ಸರಾಸರಿ’ ಅಂತಲೂ, 3.82ರ ಮೇಲೆ ‘ಗ್ರಾಹಕರ ಸರಾಸರಿ’ ಅಂತಲೂ ಬರೆಯುತ್ತೇನೆ.