ಹಂದಿಯ ಮೇದೋಜೀರಕ, ಹಳೇ ಎಕ್ಸ್‌ರೇ ಫಿಲ್ಮ್: ಟ್ರಿಪ್ಸಿನೋಜನ್ ಪ್ರಯೋಗದ ನನ್ನ ಅನುಭವ

ನಮ್ಮ ಮಂಗಳೂರಿನ ಡಿಗ್ರಿ ಕಾಲೇಜಿನ ಲ್ಯಾಬ್‌ನಲ್ಲಿ ಈ ಪ್ರಯೋಗ ಈಗ ಪ್ರತಿ ಬ್ಯಾಚಿಗೂ ನಡೆಯುತ್ತದೆ. ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್ ಎಂಬ ಎನ್‌ಜೈಮ್ ಮೇದೋಜೀರಕ ಗ್ರಂಥಿಯಲ್ಲಿ ಟ್ರಿಪ್ಸಿನೋಜನ್ ಎಂಬ ಮಲಗಿದ ರೂಪದಲ್ಲಿರುತ್ತದೆ, ಕರುಳಿನ ಎಂಟರೋಕೈನೇಸ್ ಅದನ್ನು ಎಬ್ಬಿಸುತ್ತದೆ. ಇದನ್ನೇ ಇಲ್ಲಿ ತೋರಿಸುವುದು. ಶುರು ಮಾಡುವಾಗ ಯಾರೂ ನಂಬಿರಲಿಲ್ಲ. "ಅದೆಲ್ಲ ಆಗುವುದಿಲ್ಲ ಮಾರಾಯ್ರೆ, ಗ್ರಂಥಿ ಅರೆದ ಕೂಡಲೇ ಅದು ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ" ಎಂದು ಸೀನಿಯರ್ ಒಬ್ಬರು ಹೇಳಿದ್ದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಟ್ರಿಪ್ಸಿನ್ ಕೆಲಸ ಮಾಡುವುದನ್ನು ತೋರಿಸುವುದು ಯಾರಿಗೂ ಕಷ್ಟವಲ್ಲ. ಅದು ಕೆಲಸ ಮಾಡದೆ ಸುಮ್ನೆ ಕೂತಿರುವುದನ್ನು ತೋರಿಸುವುದೇ ಕಷ್ಟ.

ರೆಡಿ ಟ್ರಿಪ್ಸಿನೋಜನ್, ಎಂಟರೋಕೈನೇಸ್ ತರಿಸೋಣ ಎಂದು ಕೊಟೇಶನ್ ಕೇಳಿದ್ದೆವು. ಎರಡು ಪುಟ್ಟ ಬಾಟಲಿಗೆ ನಮ್ಮ ವರ್ಷದ ಕೆಮಿಕಲ್ ದುಡ್ಡಿನಲ್ಲಿ ಅರ್ಧದಷ್ಟು ಹೋಗುತ್ತಿತ್ತು. ಹಾಗಾಗಿ ಹಂದಿ ಮಾಂಸದ ಅಂಗಡಿಗೇ ಹೋದೆ. ನಮ್ಮೂರಲ್ಲಿ ಭಾನುವಾರ ಬೆಳಿಗ್ಗೆ ತಾಜಾ ಮಾಲಿಗೆ ಕೊರತೆ ಇಲ್ಲ. ಆಡಿನದ್ದು ಬೇಡ, ತೆಳ್ಳಗೆ ಕೊಬ್ಬಿನಲ್ಲಿ ಹರಡಿಕೊಂಡಿರುತ್ತದೆ, ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಹಂದಿಯದ್ದು ನೂರು ಗ್ರಾಂ ಆಸುಪಾಸು ಸಿಗುತ್ತದೆ, ತಿಳಿ ಗುಲಾಬಿ ಬಣ್ಣ, ಕಾಳು ಕಾಳಾಗಿ ಕಾಣುತ್ತದೆ. ಅಂಗಡಿಯವರು ದುಡ್ಡು ಕೇಳಲಿಲ್ಲ. ನಾನೇ ಐವತ್ತು ರೂಪಾಯಿ ಕೊಡುತ್ತೇನೆ, ಮುಂದಿನ ಸಲ ನೆನಪಿಟ್ಟು ತೆಗೆದಿಡಲಿ ಅಂತ.

ಮೊದಮೊದಲು ಎಲ್ಲರಂತೆ ತಣ್ಣಗಿನ ಉಪ್ಪುನೀರಿನಲ್ಲಿ ಅರೆದೆವು. ಮಧ್ಯಾಹ್ನದೊಳಗೆ ಏನೂ ಬೆರೆಸದ ಕಂಟ್ರೋಲ್ ಟ್ಯೂಬೂ ಕೆಲಸ ಶುರು ಮಾಡುತ್ತಿತ್ತು. ಕಾರಣ ಎರಡು. ಗ್ರಂಥಿ ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಮ್‌ಗೆ ಅಂಟಿಕೊಂಡೇ ಇರುತ್ತದೆ. ಕತ್ತರಿಸುವಾಗ ಕರುಳಿನ ಒಳಪದರ ಸ್ವಲ್ಪ ತಾಗಿದರೂ ಎಂಟರೋಕೈನೇಸ್ ಬಂದುಬಿಡುತ್ತದೆ. ಅದು ಟ್ರಿಪ್ಸಿನೋಜನ್‌ನ ತುದಿಯಿಂದ ಪುಟ್ಟ ತುಂಡೊಂದನ್ನು ಕತ್ತರಿಸಿದರೆ ಸಾಕು, ಟ್ರಿಪ್ಸಿನ್ ತಯಾರು. ಆಮೇಲೆ ಆ ಟ್ರಿಪ್ಸಿನ್ ಉಳಿದ ಟ್ರಿಪ್ಸಿನೋಜನ್‌ಅನ್ನೂ ಅದರಂತೆಯೇ ಮಲಗಿರುವ ಕೈಮೊಟ್ರಿಪ್ಸಿನೋಜನ್‌ಅನ್ನೂ ತಾನೇ ಎಬ್ಬಿಸುತ್ತದೆ. ಎರಡನೆಯ ಕಾರಣ ನಮ್ಮ ಸೆಕೆ. ಜೀವಕೋಶದ ಒಳಗೆ ಈ ಪ್ರೋಟೀನ್‌ಗಳು ಕಣಗಳಲ್ಲಿ ಕಟ್ಟಿಟ್ಟಿರುತ್ತವೆ, ಜೊತೆಗೆ ಟ್ರಿಪ್ಸಿನ್ ತಡೆಯುವ ಒಂದು ಚಿಕ್ಕ ಪ್ರೋಟೀನ್ ಕೂಡ ಇರುತ್ತದೆ. ಅದರ ಪ್ರಮಾಣ ಕಡಿಮೆ. ಅಲ್ಲೊಂದು ಇಲ್ಲೊಂದು ಎದ್ದ ಟ್ರಿಪ್ಸಿನ್‌ಅನ್ನು ಹಿಡಿಯುತ್ತದೆ, ಅರೆದು ಬಿಸಿಯಲ್ಲಿಟ್ಟರೆ ಸಾಲುವುದಿಲ್ಲ.

ದಾರಿ ಸಿಕ್ಕಿದ್ದು ಹಳೇ ಕೆಲಸದಿಂದಲೇ. ನಾರ್ತ್ರಪ್ ಮತ್ತು ಕುನಿಟ್ಜ್ ಎಂಬ ವಿಜ್ಞಾನಿಗಳು 1930ರ ದಶಕದಲ್ಲಿ ಈ ಮಲಗಿರುವ ಪ್ರೋಟೀನ್‌ಗಳ ಹರಳು ತೆಗೆಯುವಾಗ ಗ್ರಂಥಿಯನ್ನು ನೇರ ತಣ್ಣಗಿನ ಆಸಿಡ್‌ಗೇ ಹಾಕುತ್ತಿದ್ದರು. ಆಸಿಡ್‌ನಲ್ಲಿ ಟ್ರಿಪ್ಸಿನ್ ಹಾಳಾಗುವುದಿಲ್ಲ, ಆದರೆ ಕತ್ತರಿಸುವ ಕೆಲಸವನ್ನೂ ಮಾಡುವುದಿಲ್ಲ. ಹಾಗಾಗಿ ಈಗ ನಾನು 0.25 ನಾರ್ಮಲ್ ಸಲ್ಫ್ಯೂರಿಕ್ ಆಸಿಡ್‌ಅನ್ನು ಐಸ್ ಡಬ್ಬದಲ್ಲಿ ಅಂಗಡಿಗೇ ಒಯ್ಯುತ್ತೇನೆ. ಕೊಬ್ಬು ತೆಗೆದು, ತುಂಡು ಮಾಡಿ, ಅಲ್ಲೇ ಮುಳುಗಿಸುತ್ತೇನೆ. ಗ್ರಂಥಿಯ ಎರಡು ಪಟ್ಟು ಆಸಿಡ್ ಸಾಕು. ಲ್ಯಾಬಿಗೆ ಬಂದು ಕೊಚ್ಚಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದರೆ ಆಯಿತು. ಸೋಸಿದ್ದನ್ನು ಇನ್ನೂ ತಿಳಿ ಮಾಡಲು ನಂದೊಂದು ಉಪಾಯ ಉಂಟು. ಅದು ಇಲ್ಲಿ ಬೇಡ, ಲ್ಯಾಬಿಗೆ ಬಂದರೆ ತೋರಿಸುತ್ತೇನೆ.

ಇನ್ನು ನೋಡುವುದು ಹೇಗೆ? ಹಾಲಿನ ಪುಡಿ ಕರಡಿದ ನೀರು ತಿಳಿಯಾಗುವುದನ್ನು ನೋಡುವುದು ರೂಢಿ. ಆದರೆ ನಮ್ಮ ಸಾರ ನ್ಯೂಟ್ರಲ್ ಮಾಡಿದ ಕೂಡಲೇ ತಾನೇ ಮಬ್ಬಾಗುತ್ತದೆ. ಹಾಲಿನ ಕ್ಯಾಲ್ಸಿಯಂ ಬೇರೆ ಟ್ರಿಪ್ಸಿನೋಜನ್ ತಾನಾಗಿ ಏಳಲು ಸಹಾಯ ಮಾಡುತ್ತದೆ. ಹಾಗಾಗಿ ಹಳೇ ಎಕ್ಸ್‌ರೇ ಫಿಲ್ಮ್ ಹಿಡಿದೆ. ಅದರ ಕಪ್ಪು ಬೆಳ್ಳಿ ಕೂತಿರುವುದು ಜೆಲಟಿನ್ ಪದರದಲ್ಲಿ. ಟ್ರಿಪ್ಸಿನ್ ಜೆಲಟಿನ್ ತಿಂದರೆ ಕಪ್ಪು ಜಾರಿ ಹೋಗಿ ನೀಲಿ ಪ್ಲಾಸ್ಟಿಕ್ ಕಾಣುತ್ತದೆ. ಇಲ್ಲೂ ಒಂದು ಬ್ಯಾಚ್ ಪೂರ್ತಿ ಹಾಳಾಯಿತು. ಪಕ್ಕದ ಸ್ಕ್ಯಾನ್ ಸೆಂಟರಿನವರು ಕಟ್ಟುಗಟ್ಟಲೆ ಕೊಟ್ಟದ್ದು ಈಗಿನ ಡ್ರೈ ಫಿಲ್ಮ್. ಅದರಲ್ಲಿ ಬೆಳ್ಳಿಯನ್ನು ಹಿಡಿದಿದ್ದದ್ದು ಪ್ಲಾಸ್ಟಿಕ್ ಜಾತಿಯ ಅಂಟು, ಯಾವ ಎನ್‌ಜೈಮ್‌ಗೂ ಅದು ಬಗ್ಗಲಿಲ್ಲ. ಕೆಮಿಕಲ್‌ನಲ್ಲಿ ತೊಳೆದು ತೆಗೆದ ಹಳೇ ಫಿಲ್ಮೇ ಬೇಕು. ಮನೆ ಅಟ್ಟದಲ್ಲಿ ಹುಡುಕಿ, ಅಜ್ಜಿಯ ಮೊಣಕಾಲಿನದ್ದು ಸಿಕ್ಕೇ ಸಿಗುತ್ತದೆ!

ಎಂಟರೋಕೈನೇಸ್‌ಗೆ ಅದೇ ಹಂದಿಯ ಡುವೋಡಿನಮ್. ಸೀಳಿ, ತೊಳೆದು, ಗ್ಲಾಸ್ ಸ್ಲೈಡ್‌ನ ಅಂಚಿನಿಂದ ಒಳಪದರ ಕೆರೆಯಬೇಕು. ಚೆನ್ನಾಗಿ ತೊಳೆಯದಿದ್ದರೆ ಮೇದೋಜೀರಕ ರಸದ ಟ್ರಿಪ್ಸಿನ್ ಅಲ್ಲೇ ಅಂಟಿರುತ್ತದೆ. ಕೆರೆದದ್ದನ್ನು ಮಾತ್ರ ಹಾಕಿದ ಟ್ಯೂಬ್ ಒಂದು ಇಟ್ಟರೆ ಇದು ಗೊತ್ತಾಗುತ್ತದೆ.

ಈಗ ಟ್ಯೂಬ್‌ಗಳಿಗೆ ಬರೋಣ. ಒಂದರಲ್ಲಿ ಗ್ರಂಥಿಯ ಸಾರಕ್ಕೆ ಸೋಡಾ ಬೈಕಾರ್ಬ್ ದ್ರಾವಣ ನಿಧಾನ ಸುರಿದು pH 8ರ ಹತ್ತಿರ ತಂದದ್ದು. ಅವಸರ ಮಾಡಿದರೆ ನೊರೆ ಉಕ್ಕಿ ಮೇಜಿನ ಮೇಲೆ ಬರುತ್ತದೆ. ಇನ್ನೊಂದರಲ್ಲಿ ಅದೇ ಸಾರ, ಬೈಕಾರ್ಬ್, ಜೊತೆಗೆ ಕರುಳಿನ ಕೆರೆತ. ಮೂರನೆಯದರಲ್ಲಿ ಸಾರವೂ ಕೆರೆತವೂ ಇದೆ, ಬೈಕಾರ್ಬ್ ಇಲ್ಲ. ಅರ್ಧ ಗಂಟೆ 37 ಡಿಗ್ರಿಯಲ್ಲಿಟ್ಟು ಫಿಲ್ಮ್ ಪಟ್ಟಿ ಇಳಿಸುತ್ತೇವೆ. ಎರಡನೆಯದರ ಪಟ್ಟಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಬೋಳು. ಮೊದಲನೆಯದು ಒಂದು ಗಂಟೆ ಕಳೆದರೂ ಕಪ್ಪು. ಆ ಸೀನಿಯರ್ ಪಟ್ಟಿಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು!

ನನಗೆ ಜಾಸ್ತಿ ಇಷ್ಟ ಮೂರನೆಯ ಟ್ಯೂಬ್. ಬೈಕಾರ್ಬ್ ಇಲ್ಲದ ಕಾರಣ ಅದರ ಪಟ್ಟಿಯೂ ಕಪ್ಪಾಗಿಯೇ ಉಳಿಯುತ್ತದೆ. ಸೆಕ್ರಿಟಿನ್ ಎಂಬ ಹಾರ್ಮೋನ್ ಯಾಕೆ ಬೇಕು ಅಂತ ಅಲ್ಲಿ ಕಣ್ಣಿಗೆ ಕಾಣುತ್ತದೆ. ಹೊಟ್ಟೆಯ ಆಸಿಡ್ ಕರುಳಿಗೆ ಇಳಿದು pH ಸುಮಾರು 4.5ಕ್ಕಿಂತ ಕೆಳಗೆ ಹೋದಾಗ ಸೆಕ್ರಿಟಿನ್ ರಕ್ತಕ್ಕೆ ಬಿಡುಗಡೆ ಆಗುತ್ತದೆ. ಅದು ಮೇದೋಜೀರಕದ ನಾಳಗಳಿಂದ ನೀರು, ಬೈಕಾರ್ಬನೇಟ್ ಹೊರಡಿಸುತ್ತದೆ. ಲ್ಯಾಬಿನಲ್ಲಿ ಆ ಕೆಲಸ ನನ್ನ ಕೈಯ ಪಿಪೆಟ್‌ನದ್ದು. ಬೇಯ್ಲಿಸ್ ಮತ್ತು ಸ್ಟಾರ್ಲಿಂಗ್ 1902ರಲ್ಲಿ ಸೆಕ್ರಿಟಿನ್ ಕಂಡುಹಿಡಿದದ್ದೂ ಕರುಳಿನ ಕೆರೆತವನ್ನು ಆಸಿಡ್‌ನಲ್ಲಿ ಅರೆದೇ.

ಈ ಟ್ಯೂಬ್ ಒಮ್ಮೆ ನಮಗೆ ಕೈಕೊಟ್ಟಿತ್ತು. ಬೈಕಾರ್ಬ್ ಇಲ್ಲದೆಯೂ ಫಿಲ್ಮ್ ಬೋಳಾಯಿತು. ಅದು ಪೆಪ್ಸಿನ್, ಆಸಿಡ್‌ನಲ್ಲೇ ಕೆಲಸ ಮಾಡುವ ಜಠರದ ಎನ್‌ಜೈಮ್! ಕೆರೆದ ಜಾಗ ಜಠರಕ್ಕೆ ತೀರಾ ಹತ್ತಿರ ಇತ್ತು. ಈಗ ನಾಲ್ಕು ಬೆರಳು ಬಿಟ್ಟು ಕೆರೆಯುತ್ತೇನೆ, ಕೆರೆತವನ್ನು ಬೈಕಾರ್ಬ್ ನೀರಿನಲ್ಲಿ ಸ್ವಲ್ಪ ಹೊತ್ತು ಇಡುತ್ತೇನೆ. ಪೆಪ್ಸಿನ್ ಅಲ್ಲಿ ಸಾಯುತ್ತದೆ, ಎಂಟರೋಕೈನೇಸ್ ಉಳಿಯುತ್ತದೆ.

ಮಕ್ಕಳು ಕೇಳಿದರು ಅಂತ ಇನ್ನೊಂದು ಮಾಡಿದೆವು. ಗ್ರಂಥಿಯ ಸಣ್ಣ ತುಂಡನ್ನು ಆಸಿಡ್ ಇಲ್ಲದೆ ತಣ್ಣಗಿನ ಉಪ್ಪುನೀರಿನಲ್ಲಿ ಅರೆದು, ಕುಚ್ಚಲಕ್ಕಿ ಗಂಜಿಯ ತಿಳಿಗೆ ಹಾಕಿದೆವು. ಅಯೋಡಿನ್ ನೀಲಿ ಕೆಲವೇ ನಿಮಿಷದಲ್ಲಿ ಮಾಯ, ಕರುಳಿನ ಕೆರೆತ ಬೇಕೇ ಆಗಲಿಲ್ಲ. ಗಂಜಿ ಕರಗಿಸುವ ಅಮೈಲೇಸ್ ಎದ್ದುಕೊಂಡೇ ಬರುತ್ತದೆ. ಜೀವಕೋಶ ಗಂಜಿಯಿಂದ ಆದದ್ದಲ್ಲ, ಹೆದರಿಕೆ ಏನು? ಮಲಗಿಸಿ ಕಳಿಸಬೇಕಾದದ್ದು ಪ್ರೋಟೀನ್ ಕತ್ತರಿಸುವವರನ್ನು.

ಹಸಿ ಸೋಯಾ ಕಾಳು ಅರೆದ ನೀರನ್ನು ಎರಡನೆಯ ಟ್ಯೂಬಿಗೆ ಹಾಕಿದರೆ ಫಿಲ್ಮ್ ಕಪ್ಪಾಗಿಯೇ ಉಳಿಯುತ್ತದೆ. ಅದರಲ್ಲಿ ಟ್ರಿಪ್ಸಿನ್ ತಡೆಯುವ ಪ್ರೋಟೀನ್ ಇದೆ. ಚೆನ್ನಾಗಿ ಬೇಯಿಸಿದ ಕಾಳಿನ ನೀರು ಅಷ್ಟು ತಡೆಯುವುದಿಲ್ಲ. ಕೋಲಿಸಿಸ್ಟೋಕೈನಿನ್ ಪಾಠ ನಾನು ಇಲ್ಲಿಂದ ಎತ್ತಿಕೊಳ್ಳುತ್ತೇನೆ. ಕೊಬ್ಬು, ಪ್ರೋಟೀನ್ ತುಣುಕು ಕರುಳಿಗೆ ಬಂದಾಗ ಹೊರಡುವ ಈ ಹಾರ್ಮೋನ್ ಮೇದೋಜೀರಕದ ಎನ್‌ಜೈಮ್ ಕಣಗಳನ್ನು ಹೊರಗೆ ಸುರಿಸುತ್ತದೆ. ಅದನ್ನು ಕರೆಯುವ ಒಂದು ಪ್ರೋಟೀನ್ ಕರುಳಿನಲ್ಲೇ ಇರುತ್ತದೆ. ಕೆಲಸವಿಲ್ಲದ ಟ್ರಿಪ್ಸಿನ್ ಅದನ್ನೂ ತಿಂದು ಸುರಿತ ನಿಲ್ಲಿಸುತ್ತದೆ. ಇಲಿಗೆ ಹಸಿ ಸೋಯಾ ತಿನ್ನಿಸಿದರೆ ಟ್ರಿಪ್ಸಿನ್ ಕೈ ಕಟ್ಟುತ್ತದೆ, ಕರೆ ನಿಲ್ಲುವುದೇ ಇಲ್ಲ, ಗ್ರಂಥಿ ದಪ್ಪವಾಗುತ್ತದೆ.

ಖರ್ಚು ಲೆಕ್ಕ ಹಾಕಿದರೆ ಐಸು, ರಿಕ್ಷಾ, ಗ್ರಂಥಿ ಎಲ್ಲ ಸೇರಿ ಒಂದು ಬ್ಯಾಚಿಗೆ ಮುನ್ನೂರು ರೂಪಾಯಿ ಒಳಗೆ. ಆಸಿಡ್ ಸಾರ ಫ್ರಿಜ್‌ನಲ್ಲಿ ಒಂದು ವಾರ ನಿಲ್ಲುತ್ತದೆ. ಕರುಳಿನ ಕೆರೆತ ಮಾತ್ರ ಅದೇ ದಿನದ್ದೇ ಆಗಬೇಕು.