ಕಾಲು ಹೊರಳಿದ ಮಗುವನ್ನು ಎಬ್ಬಿಸುವ ಮುಂಚೆ: ಉಳುಕೋ, ಸೆಳೆತವೋ, ಮುರಿತವೋ?

ಹೋಬಳಿ ಮಟ್ಟದ ಕ್ರೀಡಾಕೂಟಗಳಲ್ಲಿ ಮಕ್ಕಳು ಬೀಳುವುದು ಮಾಮೂಲಿ. ನನಗೆ ಹೊಟ್ಟೆ ಉರಿಯುವುದು ಬಿದ್ದ ಮೇಲೆ ನಡೆಯುವುದನ್ನು ನೋಡಿದಾಗ. ಒಬ್ಬರು ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ, ಇನ್ನೊಬ್ಬರು ಪಾದ ಹಿಡಿದು ಲಟಕ್ಕನೆ ಎಳೆಯುತ್ತಾರೆ, ಮತ್ತೊಬ್ಬರು ಸ್ಪ್ರೇ ಹೊಡೆದು "ಏನೂ ಆಗಿಲ್ಲ, ಓಡು" ಅಂತಾರೆ. ಕಾಲಿಗೆ ಏನಾಗಿದೆ ಅಂತ ನೋಡಿದವರು ಯಾರೂ ಇಲ್ಲ.

ಮೂರು ಪೆಟ್ಟುಗಳು ಇಷ್ಟೇ. ಕೀಲಿನಲ್ಲಿ ಒಂದು ಮೂಳೆಯನ್ನು ಇನ್ನೊಂದಕ್ಕೆ ಹಿಡಿದಿಡುವ ಲಿಗಮೆಂಟ್ ಎಳೆದರೆ ಅಥವಾ ಹರಿದರೆ ಅದು ಉಳುಕು, ಅಂದರೆ ಸ್ಪ್ರೇನ್. ಮಾಂಸಖಂಡ ಎಳೆದುಕೊಂಡರೆ ಸೆಳೆತ, ಅಂದರೆ ಸ್ಟ್ರೇನ್. ಮೂಳೆಯಲ್ಲಿ ಬಿರುಕು ಬಿಟ್ಟರೂ ಅದು ಮುರಿತವೇ, "ಬರೀ ಕ್ರ್ಯಾಕ್" ಅಂತ ಹಗುರ ಮಾಡಬೇಡಿ.

ಆದರೆ ಸ್ಕೂಲು ಮಕ್ಕಳ ಲೆಕ್ಕ ದೊಡ್ಡವರದಲ್ಲ. ಅವರ ಮೂಳೆಯ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಮೆತ್ತನೆ ಪದರ ಇರುತ್ತದೆ. ಅದಕ್ಕಿಂತ ಲಿಗಮೆಂಟೇ ಗಟ್ಟಿ. ಹಾಗಾಗಿ ದೊಡ್ಡವರಿಗೆ ಉಳುಕಾಗುವಂಥ ಹೊರಳಿಕೆಯಲ್ಲೇ ಮಕ್ಕಳಿಗೆ ಆ ಪದರ ಬಿಟ್ಟುಕೊಳ್ಳಬಹುದು. ಅದನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಕೆಲವೊಮ್ಮೆ ಮೂಳೆಯ ಬೆಳವಣಿಗೆಗೇ ಕುತ್ತು.

ಒಂದು ಉದಾಹರಣೆ ಹಿಡಿದೇ ನೋಡೋಣ. ಮಂಡ್ಯ ಕಡೆಯ ಒಂದು ಸ್ಕೂಲು, ಏಳನೇ ತರಗತಿ ಹುಡುಗಿ. ಖೋ ಖೋದಲ್ಲಿ ಕಂಬ ಹಿಡಿದು ತಿರುಗುವಾಗ ಬಲಪಾದ ಒಳಕ್ಕೆ ಹೊರಳಿ ಕುಸಿದು ಕೂತಳು.

ಹಂತ 1: ಆಟ ನಿಲ್ಲಿಸಿ. ಅವಳನ್ನು ಇದ್ದಲ್ಲೇ ಬಿಡಿ, ಗುಂಪು ಚದುರಿಸಿ.

ಹಂತ 2: ಮುಟ್ಟುವ ಮುಂಚೆ ನೋಡಿ. ಷೂ ಲೇಸು ಸಡಿಲಿಸಿ. ಸಲೀಸಾಗಿ ಬಂದರೆ ಮಾತ್ರ ಷೂ ಬಿಚ್ಚಿ. ಎರಡೂ ಕಾಲು ಪಕ್ಕಪಕ್ಕ ಇಟ್ಟು ಹೋಲಿಸಿ. ಸೊಟ್ಟಗಾಗಿದ್ದರೆ, ಮೂಳೆ ಹೊರಗೆ ಕಂಡರೆ, ಬೆರಳು ಬಿಳಿಚಿಕೊಂಡು ತಣ್ಣಗಿದ್ದರೆ ಮುಂದಿನ ಪರೀಕ್ಷೆ ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ ನೇರ ಐದನೇ ಹಂತಕ್ಕೆ ಹೋಗಿ.

ಹಂತ 3: ಬೆರಳಿನಿಂದ ಒತ್ತಿ ನೋಡುವುದು. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. "ಎಲ್ಲಿ ನೋಯ್ತಿದೆ ಪುಟ್ಟಾ, ಒಂದೇ ಬೆರಳಲ್ಲಿ ತೋರ್ಸು" ಅನ್ನಿ. ನೀವು ಶುರು ಮಾಡುವುದು ನೋವಿಲ್ಲದ ಕಡೆಯಿಂದ, ಮೊಣಕಾಲಿನ ಕೆಳಗಿನಿಂದ. ಒಂದೇ ಬೆರಳಿನ ತುದಿಯಲ್ಲಿ ಒತ್ತಿ, ಕಣ್ಣು ಮಗುವಿನ ಮುಖದ ಮೇಲಿರಲಿ. ಮಕ್ಕಳು ಟೀಮಿನಿಂದ ಹೊರಗೆ ಕೂರಿಸ್ತಾರೆ ಅನ್ನೋ ಭಯಕ್ಕೆ "ಇಲ್ಲ ಸಾರ್" ಅಂತಾರೆ, ಆದರೆ ಮುಖ ಕಿವುಚುವುದನ್ನು ತಡೆಯಲಾರರು.

ಒತ್ತಬೇಕಾದ ಮೂಳೆಯ ಜಾಗಗಳು ನಾಲ್ಕು. ಕಾಲು ಪಾದ ಸೇರುವಲ್ಲಿ ಉಬ್ಬಿರುವ ಹೊರಗಿನ ಗಿಣ್ಣಿನ ತುದಿಯಿಂದ ಅದರ ಹಿಂದಿನ ಅಂಚಿನ ಗುಂಟ ಮೇಲಕ್ಕೆ ಸುಮಾರು 6 ಸೆಂಟಿಮೀಟರ್. ಒಳಗಿನ ಗಿಣ್ಣಿನಲ್ಲೂ ಹಾಗೆಯೇ. ಮೂರನೆಯದು ಪಾದದ ಹೊರ ಅಂಚಿನ ನಡುಮಧ್ಯ ಕೈಗೆ ಸಿಗುವ ಗಂಟು, ಅದು ಕಿರುಬೆರಳಿಗೆ ಹೋಗುವ ಮೂಳೆಯ ಬುಡ. ಪಾದ ಹೊರಳಿದಾಗ ಇದು ಮುರಿಯುವುದುಂಟು, ಗಿಣ್ಣನ್ನಷ್ಟೇ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಾಲ್ಕನೆಯದು ಪಾದದ ಒಳಬದಿ, ಒಳಗಿಣ್ಣಿನ ಸ್ವಲ್ಪ ಮುಂದೆ ಕೆಳಗೆ ಸಿಗುವ ಮೂಳೆ. ಇವುಗಳಲ್ಲಿ ಯಾವುದನ್ನು ಒತ್ತಿದರೂ ನೋವಾದರೆ ಎಕ್ಸ್-ರೇ ಆಗುವವರೆಗೆ ಅದು ಮುರಿತ ಅಂತಲೇ ನಡೆದುಕೊಳ್ಳಿ. ನೋವು ಹೊರಗಿಣ್ಣಿನ ಮುಂದೆ, ಕೆಳಗೆ, ಮೆತ್ತಗಿರುವ ಕಡೆ ಮಾತ್ರ ಇದ್ದರೆ ಬಹುತೇಕ ಉಳುಕು.

ಹಂತ 4: ನಾಲ್ಕು ಹೆಜ್ಜೆ. ಮೂಳೆಯ ಮೇಲೆ ನೋವಿಲ್ಲದಿದ್ದರೆ ಮಾತ್ರ ನಿಧಾನವಾಗಿ ನಿಲ್ಲಿಸಿ, ತಾನಾಗಿ ನಾಲ್ಕು ಹೆಜ್ಜೆ ಇಡಲಿ. ಕುಂಟಿದರೂ ಪರವಾಗಿಲ್ಲ, ಆ ಕಾಲಿನ ಮೇಲೆ ಭಾರ ಬಿಟ್ಟರೆ ಸಾಕು. ಆಗದಿದ್ದರೆ ಎಕ್ಸ್-ರೇ. ಒತ್ತುವುದು, ನಡೆಸುವುದು ಎರಡೂ ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ರೂಪಿಸಿದ ನಿಯಮದವು, ಆಸ್ಪತ್ರೆಗಳಲ್ಲಿ ಈಗಲೂ ಬಳಸುತ್ತಾರೆ. "ಬೆರಳು ಅಲ್ಲಾಡಿಸ್ತಾಳೆ, ಮೂಳೆ ಮುರಿದಿಲ್ಲ" ಅನ್ನುವುದು ಮಾತ್ರ ಪೂರಾ ಸುಳ್ಳು. ಬೆರಳು ಆಡಿಸುವ ಮಾಂಸಖಂಡಕ್ಕೂ ಗಿಣ್ಣಿನ ಬಿರುಕಿಗೂ ಸಂಬಂಧವಿಲ್ಲ. ಊತ ಎಷ್ಟಿದೆ ಅನ್ನುವುದರಿಂದಲೂ ತಿಳಿಯುವುದಿಲ್ಲ, ಬರೀ ಉಳುಕೇ ಜಾಸ್ತಿ ಊದಿಕೊಳ್ಳಬಹುದು.

ನಮ್ಮ ಹುಡುಗಿಗೆ ಹೊರಗಿಣ್ಣಿನ ಹಿಂದಿನ ಅಂಚನ್ನು ಒತ್ತಿದಾಗ ಕಾಲು ಎಳೆದುಕೊಂಡಳು. ಹಾಗಾಗಿ ನಡೆಸುವ ಮಾತೇ ಇಲ್ಲ.

ಹಂತ 5: ಅಲ್ಲಾಡದಂತೆ ಕಟ್ಟುವುದು. ಕಾಲು ಹೇಗಿದೆಯೋ ಹಾಗೇ ಕಟ್ಟಬೇಕು, ನೆಟ್ಟಗೆ ಮಾಡಲು ಹೋಗಬೇಡಿ. ಆಟದ ಸಾಮಾನು ಬಂದ ರಟ್ಟಿನ ಡಬ್ಬ ಹರಿದು, ಅಂಗಾಲಿನ ಕೆಳಗಿಂದ ಎರಡೂ ಪಕ್ಕಕ್ಕೆ ಮೊಣಕಾಲಿನ ಹತ್ತಿರದವರೆಗೆ ಬರುವಂತೆ ಮಡಿಸಿ. ಒಳಗೆ ಟವೆಲ್ ಇಡಿ. ಮೇಲೆ ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಮೇಲಕ್ಕೆ ಸುತ್ತಿ. ಬೆರಳ ತುದಿ ಹೊರಗೇ ಕಾಣುತ್ತಿರಲಿ. ಕಟ್ಟಿದ ಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗದಿದ್ದರೆ ಬಿಗಿ ಜಾಸ್ತಿಯಾಗಿದೆ, ಸಡಿಲಿಸಿ. ಹತ್ತು ನಿಮಿಷಕ್ಕೊಮ್ಮೆ ಇದನ್ನೇ ನೋಡಿ, ಯಾಕೆಂದರೆ ಊತ ಏರುತ್ತಾ ಹೋದಂತೆ ಕಟ್ಟು ತಾನಾಗಿ ಬಿಗಿಯಾಗುತ್ತದೆ. ಹಾಕಿಕೊಳ್ಳುವ ಎಲಾಸ್ಟಿಕ್ ಆಂಕ್ಲೆಟ್ ಇದ್ಯಲ್ಲ, ಅದು ಈಗ ಬೇಡವೇ ಬೇಡ. ತೊಡಿಸಲು ಪಾದ ಎಳೆದಾಡಬೇಕಾಗುತ್ತದೆ.

ಗಾಯವಿದ್ದರೆ ಶುಭ್ರವಾದ ಬಟ್ಟೆ ಮುಚ್ಚಿ. ತಿನ್ನಲು ಕುಡಿಯಲು ಕೊಡಬೇಡಿ, ಆಪರೇಷನ್‌ಗೆ ಅನಸ್ತೇಷಿಯಾ ಕೊಡಬೇಕಾಗಿ ಬರಬಹುದು. ಬೈಕಿನಲ್ಲಿ ಕಾಲು ಜೋತಾಡಿಸಿಕೊಂಡು ಕರೆದೊಯ್ಯಬೇಡಿ, ಆಟೋ ಆದರೂ ಸರಿ, ಸೀಟಿನ ಮೇಲೆ ಕಾಲು ಚಾಚಿ ಕೂರಿಸಿ. ಮೈಸೂರಾದರೆ ಕೆ.ಆರ್. ಆಸ್ಪತ್ರೆ, ಮಂಡ್ಯವಾದರೆ ಮಿಮ್ಸ್. ಎಣ್ಣೆ ಹಚ್ಚಿ ನೀವಿಸುವುದು, ಬಿದಿರು ದಬ್ಬೆ ಹಾಕಿ ಬಿಗಿಯಾಗಿ ಕಟ್ಟಿಸುವುದು ದಯವಿಟ್ಟು ಬೇಡ. ಬಿಗಿ ಕಟ್ಟಿನೊಳಗೆ ರಕ್ತ ಓಡದೆ ಕಾಲನ್ನೇ ಕಳೆದುಕೊಂಡ ಮಕ್ಕಳಿದ್ದಾರೆ.

ಇನ್ನೊಂದು ವಿಷಯ ಅಪ್ಪ ಅಮ್ಮನಿಗೆ ನೀವೇ ಹೇಳಿ. ಬೆಳೆಯುವ ಪದರದ ಪೆಟ್ಟು ಮೊದಲ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು. ಡಾಕ್ಟರು ಆದರೂ ಪಟ್ಟಿ ಹಾಕಿ, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ನೋಡೋಣ ಅನ್ನಬಹುದು. "ಎಕ್ಸ್-ರೇಲಿ ಏನೂ ಇಲ್ವಂತೆ" ಅಂತ ಮನೆಯಲ್ಲಿ ಪಟ್ಟಿ ಬಿಚ್ಚಿಬಿಡುವುದು ಆಗಲೇ.

ಉಳುಕಾದರೆ ಐಸು, ಕ್ರೇಪ್ ಬ್ಯಾಂಡೇಜ್, ಎತ್ತರದಲ್ಲಿ ಕಾಲು. ಮೈದಾನದ ಹೊರಗೆ ಕಬ್ಬಿನ ಹಾಲಿನ ಗಾಡಿ ಇದ್ದೇ ಇರುತ್ತದಲ್ವಾ, ಅಲ್ಲಿಂದ ಐಸು ತನ್ನಿ. ಪ್ಲಾಸ್ಟಿಕ್ ಕವರಿಗೆ ಹಾಕಿ, ಒದ್ದೆ ಟವೆಲಿನಲ್ಲಿ ಸುತ್ತಿ 15 ನಿಮಿಷ. ಎರಡು ಗಂಟೆ ಬಿಟ್ಟು ಮತ್ತೆ. ನೇರ ಚರ್ಮಕ್ಕಿಟ್ಟರೆ ಚರ್ಮ ಸುಡುತ್ತದೆ. ಸ್ಪ್ರೇ ಬರೀ ನೋವು ಮರೆಸುತ್ತದೆ. ಮಗು ಹರಿದ ಲಿಗಮೆಂಟಿನ ಮೇಲೇ ಓಡುತ್ತದೆ. ನನ್ನ ಕಿಟ್ಟಿನಲ್ಲಿ ಅದಕ್ಕೆ ಜಾಗವಿಲ್ಲ.

ಸೆಳೆತ ಬೇರೆ ಥರ ಬರುತ್ತದೆ. ಯಾರೂ ತಾಗಿರುವುದಿಲ್ಲ, 100 ಮೀಟರ್ ಓಟದ ನಡುವೆ ಹುಡುಗ ತೊಡೆಯ ಹಿಂಭಾಗ ಹಿಡಿದು ನಿಂತುಬಿಡುತ್ತಾನೆ. ಬೋರಲು ಮಲಗಿಸಿ, ಮೊಣಕಾಲು ಮಡಿಸಲು ಹೇಳಿ, ಹಿಮ್ಮಡಿಗೆ ನಿಮ್ಮ ಕೈ ಮೆಲ್ಲಗೆ ಅಡ್ಡ ಕೊಡಿ. ತೊಡೆ ಮಧ್ಯದ ಮಾಂಸದಲ್ಲಿ ನೋವು ಬಂದರೆ ಸೆಳೆತ. ಐಸು, ವಿಶ್ರಾಂತಿ. ಮೊದಲೆರಡು ದಿನ ಎಳೆದು ಸ್ಟ್ರೆಚ್ ಮಾಡಿಸಬೇಡಿ. ನೋವು ಮಾಂಸದಲ್ಲಲ್ಲದೆ ಕೂರುವಾಗ ನೆಲಕ್ಕೆ ತಾಗುವ ಮೂಳೆಯಲ್ಲಿದ್ದರೆ, ಅದರಲ್ಲೂ "ಟಪ್ ಅಂತು ಸಾರ್" ಅಂದರೆ, ಮಾಂಸಖಂಡ ಮೂಳೆಯ ಚೂರನ್ನೇ ಕಿತ್ತಿರಬಹುದು. ಹದಿಹರೆಯದವರಲ್ಲಿ ಇದು ಆಗುತ್ತದೆ. ಎಕ್ಸ್-ರೇ ಮಾಡಿಸಿ.

ಮತ್ತೆ ಆಟಕ್ಕೆ ಯಾವಾಗ? ಉಳುಕಿದವಳು ಆ ಒಂದೇ ಕಾಲಿನಲ್ಲಿ ಕುಪ್ಪಳಿಸಿ, ತಟ್ಟನೆ ತಿರುಗಿ ಓಡಿದರೂ ನೋಯದಿದ್ದಾಗ. ಸೆಳೆತದವನು ಪೂರಾ ವೇಗದಲ್ಲಿ ಓಡಿದರೂ ನೋಯದಿದ್ದಾಗ. ಮುರಿತವಾದವರು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಾಗ. ಮೊನ್ನೆ ಉಳುಕು ಅಂತ ಕಳಿಸಿದ ಮಗು ನಾಲ್ಕೈದು ದಿನವಾದರೂ ಪಾದ ಊರುತ್ತಿಲ್ಲ ಅಂದರೆ ಮೂರನೇ ಹಂತದಿಂದ ಮತ್ತೆ ನೋಡಿ, ಆಸ್ಪತ್ರೆಗೆ ಕಳಿಸಿ.